ಆರು ಪದಗಳ ಒಂದೇ ಬೀಗ: ಕೀಪಾಸ್‌ಎಕ್ಸ್‌ಸಿ ಬಳಸಿ ಮೂರು ವರ್ಷ

ಬೆಳಿಗ್ಗೆ ಕಾಫಿ ಲೋಟವನ್ನು ಬದಿಗಿಟ್ಟು ಕಂಪ್ಯೂಟರ್ ಮುಂದೆ ಕುಳಿತೊಡನೆ ನಾನು ಮಾಡುವ ಮೊದಲ ಕೆಲಸವೆಂದರೆ ಆರು ಪದಗಳನ್ನು ಒಂದರ ಹಿಂದೊಂದು ಟೈಪ್ ಮಾಡುವುದು. ಪಾಸ್‌ವರ್ಡ್‌ಗಳನ್ನೆಲ್ಲ ಕಾಪಿಡುವ ತಂತ್ರಾಂಶವಾದ ಕೀಪಾಸ್‌ಎಕ್ಸ್‌ಸಿಯನ್ನು ತೆರೆಯುವ ಈ ಒಂದು ಪಾಸ್‌ವರ್ಡ್ ಬಿಟ್ಟರೆ, ನನ್ನ ತೊಂಬತ್ತು ಚಿಲ್ಲರೆ ಖಾತೆಗಳ ಪೈಕಿ ಯಾವುದರದೂ ಈಗ ನನಗೆ ಬಾಯಿಗೆ ಬರುವುದಿಲ್ಲ.

ಮೊದಲು ಎಲ್ಲ ಕಡೆಯೂ `Mysuru@1987` ಎಂಬ ಜಾತಿಯ ಪಾಸ್‌ವರ್ಡ್‌ಗಳನ್ನೇ ಇಡುತ್ತಿದ್ದೆ. ದೊಡ್ಡಕ್ಷರ, ಚಿಹ್ನೆ, ಅಂಕಿ ಎಲ್ಲವೂ ಇದ್ದುದರಿಂದ ಅದು ಗಟ್ಟಿಯೆಂದೇ ನಂಬಿದ್ದೆ. ಆದರೆ ಕದ್ದ ದತ್ತಾಂಶವನ್ನು ಒಡೆಯುವವರು ಅಕ್ಷರ ಅಕ್ಷರವಾಗಿ ಊಹಿಸುವುದಿಲ್ಲ. ಹತ್ತು ಸಾವಿರ ಪರಿಚಿತ ಹೆಸರುಗಳು, ಹತ್ತು ಚಿಹ್ನೆಗಳು, ನೂರು ಇಸವಿಗಳನ್ನು ಜೋಡಿಸಿ ನೋಡುತ್ತಾರೆ. ಗುಣಿಸಿದರೆ ಆಗುವುದು ಒಂದೇ ಕೋಟಿ. ಜಾಲತಾಣವು ಪಾಸ್‌ವರ್ಡ್‌ಗಳನ್ನು ಹಳೆಯ, ದುರ್ಬಲ ವಿಧಾನದಲ್ಲಿ ಕಾಪಿಟ್ಟಿದ್ದರೆ ಅಷ್ಟಕ್ಕೆ ಒಂದು ಸೆಕೆಂಡೂ ಬೇಡ.

ಹಾವು ಏಣಿ ಆಟದ ದಾಳವನ್ನು ಪದಕ್ಕೆ ಐದು ಸಲದಂತೆ ಮೂವತ್ತು ಸಲ ಉರುಳಿಸಿ, 7,776 ಪದಗಳ ಪಟ್ಟಿಯಿಂದ ನನ್ನ ಆರು ಪದಗಳನ್ನು ಆರಿಸಿಕೊಂಡೆ. ಸೆಕೆಂಡಿಗೆ ಒಂದು ಲಕ್ಷ ಕೋಟಿ ಸಲ ಪ್ರಯತ್ನಿಸಿದರೂ ಆ ಸಾಧ್ಯತೆಗಳನ್ನೆಲ್ಲ ಮುಗಿಸಲು ಸುಮಾರು ಏಳು ಸಾವಿರ ವರ್ಷ ಹಿಡಿಯುತ್ತದೆ. ನಾಲ್ಕೇ ಪದಗಳಾದರೆ ಒಂದು ತಾಸು ಸಾಕು. ಪದಗಳನ್ನು ದಾಳವೇ ಆರಿಸಬೇಕು. ಇಷ್ಟದ ಭಾವಗೀತೆಯ ಸಾಲು ಎಷ್ಟೇ ಉದ್ದವಿದ್ದರೂ ಬೇರೆಯವರಿಗೂ ಗೊತ್ತಿರುವಂಥದ್ದು.

ಬೇಸರ ತಂದದ್ದು ಮೊಬೈಲ್. ಎಲ್ಲ ಪಾಸ್‌ವರ್ಡ್‌ಗಳೂ ಒಂದೇ ಕಡತದಲ್ಲಿರುತ್ತವೆ, ಅದನ್ನು ಅಲ್ಲಿಂದಿಲ್ಲಿಗೆ ಸಾಗಿಸುವ ಹೊಣೆ ನಮ್ಮದೇ. ಮೊಬೈಲ್‌ನಲ್ಲಿ ಹೊಸದಾಗಿ ಸೇರಿಸಿದ್ದ ಒಂದು ಪಾಸ್‌ವರ್ಡಿನ ಮೇಲೆ ಕಂಪ್ಯೂಟರಿನ ಹಳೆಯ ಪ್ರತಿಯನ್ನು ನಾನೇ ನಕಲಿಸಿ ಅದನ್ನು ಕಳೆದುಕೊಂಡೆ. ಅಂದಿನಿಂದ ಬದಲಾವಣೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಮಾತ್ರ ಮಾಡಿ, ಭಾನುವಾರ ಸಂಜೆ ಕೇಬಲ್ ಹಾಕಿ ಮೊಬೈಲಿಗೂ ಒಂದು ಪೆನ್‌ಡ್ರೈವಿಗೂ ನಕಲಿಸುತ್ತೇನೆ. ಆರು ಪದಗಳು ಮರೆತರೆ ಮರಳಿ ಕೊಡುವವರು ಯಾರೂ ಇಲ್ಲವಾದ್ದರಿಂದ, ಅವನ್ನು ಬರೆದ ಚೀಟಿ ಬೀರುವಿನಲ್ಲಿ ಮನೆಪತ್ರಗಳ ಜೊತೆಗಿದೆ.

ಇಷ್ಟು ತಾಪತ್ರಯ ಏಕೆಂದುಕೊಂಡಿದ್ದ ದಿನಗಳಲ್ಲೇ ಕರೆಂಟ್ ಬಿಲ್ ಬಾಕಿಯಿದೆಯೆಂಬ ಸಂದೇಶವೊಂದು ಬಂತು. ಲಿಂಕ್ ಒತ್ತಿದಾಗ ತೆರೆದ ಪುಟ ನಾನು ತಿಂಗಳು ತಿಂಗಳೂ ನೋಡುವ ಪುಟದಂತೆಯೇ ಇತ್ತು, ಆದರೆ ಬ್ರೌಸರಿನಲ್ಲಿರುವ ಕೀಪಾಸ್‌ಎಕ್ಸ್‌ಸಿ ವಿಸ್ತರಣೆ ಪಾಸ್‌ವರ್ಡ್ ತುಂಬಲೇ ಇಲ್ಲ. ಅದು ನೋಡುವುದು ಪುಟದ ಚಂದವನ್ನಲ್ಲ, ವಿಳಾಸವನ್ನು. ಕಣ್ಣಿಟ್ಟು ನೋಡಿದರೆ ವಿಳಾಸದಲ್ಲಿ ಒಂದು ಅಡ್ಡಗೆರೆ ಹೆಚ್ಚಿಗೆ ಇತ್ತು. ಅಲ್ಲಿಗೆ ನನ್ನ ಮುನಿಸು ಕರಗಿತು.

ಹಣ ಕೊಡದೆ ಸಿಗುವ ಈ ತಂತ್ರಾಂಶವನ್ನು ಕಡತ ನಕಲಿಸುವ ಶಿಸ್ತು ಇರುವವರಿಗೆ ಧಾರಾಳವಾಗಿ ಹೇಳುತ್ತೇನೆ. ಅಮ್ಮನಿಗೆ ಮಾತ್ರ, ಅವರ ಮೊಬೈಲ್‌ನಲ್ಲೇ ಬಂದಿರುವ ಪಾಸ್‌ವರ್ಡ್ ಮ್ಯಾನೇಜರನ್ನು ಚಾಲೂ ಮಾಡಿಕೊಟ್ಟಿದ್ದೇನೆ.