ಕಾರ್ಟನ್ನಿನ ಒಳಅಳತೆ ನಂಬಿ ಕಂಟೇನರ್ ಬುಕ್ ಮಾಡಬೇಡಿ

800 ಕಾರ್ಟನ್ ಹಿಡಿಯುತ್ತದೆ ಎಂದು ಸರಕು ಸಾಗಣೆ ಏಜೆಂಟರು ಬರೆದುಕೊಟ್ಟ 20 ಅಡಿ ಕಂಟೇನರಿನಲ್ಲಿ ನನ್ನ 560 ಕಾರ್ಟನ್‌ಗಳಷ್ಟೇ ಹೋದವು. ಉಳಿದ 240 ಗೋದಾಮಿನಲ್ಲೇ ಕುಳಿತವು. ಬಾಡಿಗೆಯನ್ನು ಮಾತ್ರ ಪೂರ್ತಿ ಕಟ್ಟಿದೆ.

ಅವರ ಲೆಕ್ಕ ನೋಡಲು ಬಲು ಚೆಂದವಾಗಿತ್ತು. ಕಾರ್ಟನ್ 40×30×24 ಸೆಂ.ಮೀ., ಅವನ್ನು ಪೇರಿಸಿ ಫೋರ್ಕ್‌ಲಿಫ್ಟಿನಿಂದ ಎತ್ತುವ ಹಲಗೆ, ಅಂದರೆ ಪ್ಯಾಲೆಟ್, 120×100. ನಾಲ್ಕು ಕಾರ್ಟನ್‌ಗಳ ಒಂದು ಸಾಲು, ಅವನ್ನೇ ತಿರುಗಿಸಿ ಮೂರು ಮೂರರ ಎರಡು ಸಾಲು, ಒಟ್ಟು ಪದರಕ್ಕೆ ಹತ್ತು. ಎಂಟು ಪದರ, ಹತ್ತು ಪ್ಯಾಲೆಟ್. "ನಿಮ್ಮ ಸರಕು 23 ಘನಮೀಟರ್, ಕಂಟೇನರ್ 33, ಇನ್ನೂ ಜಾಗ ಮಿಗುತ್ತದೆ" ಎಂದರು. ನಾನೂ ತಲೆಯಾಡಿಸಿದೆ. ಮಾದರಿ ಕಾರ್ಟನ್ ನನ್ನ ಮೇಜಿನ ಮೇಲೆಯೇ ಇತ್ತು, ಟೇಪು ಹಿಡಿಯಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಲೋಡಿಂಗ್ ದಿನ ಮೊದಲ ಸಾಲಿನ ನಾಲ್ಕನೆಯ ಕಾರ್ಟನ್ ಪ್ಯಾಲೆಟ್ಟಿನ ಅಂಚಿನಿಂದ ನಾಲ್ಕು ಬೆರಳಗಲ... ಅಲ್ಲ, ಅಳೆದಾಗ ಸರಿಯಾಗಿ 4 ಸೆಂ.ಮೀ. ಹೊರಗೆ ನಿಂತಿತು. ಕಾರ್ಟನ್ ತಯಾರಕರಿಂದ ಏಜೆಂಟರು ತರಿಸಿಕೊಂಡದ್ದು ಒಳಅಳತೆಯಾಗಿತ್ತು. ಐದು ಪ್ಲೈ ರಟ್ಟಿನ ದಪ್ಪ ಎರಡೂ ಬದಿಗೆ ಸೇರಿ ಹೊರಅಳತೆ 41×31, ಮೇಲೂ ಕೆಳಗೂ ಮಡಚಿದ ರೆಕ್ಕೆಗಳಿಂದ ಎತ್ತರ 26. ಒಂದೇ ಸೆಂಟಿಮೀಟರ್! ನಾಲ್ಕು 31 ಸೇರಿದರೆ 124, ಮೂರು 41 ಸೇರಿದರೆ 123. ಎರಡೂ 120ನ್ನು ಮೀರುತ್ತವೆ. ಹೇಗೆ ತಿರುಗಿಸಿದರೂ ಪದರಕ್ಕೆ ಎಂಟೇ. ಎಂಟು ಪದರ ಏರಿಸಿದರೆ 15 ಸೆಂ.ಮೀ. ಪ್ಯಾಲೆಟ್ ಸೇರಿ 223 ಆಗುತ್ತಿತ್ತು. ಬಾಗಿಲು ಸುಮಾರು 228, ಫೋರ್ಕ್‌ಲಿಫ್ಟ್ ಎತ್ತಿ ಒಳಗೆ ತಳ್ಳಲು ಎಡೆಯೇ ಉಳಿಯದು. ಒಂದು ಪದರ ಇಳಿಸಿದೆವು. ಎಂಟು ಏಳಲೆ ಐವತ್ತಾರು, ಹತ್ತು ಪ್ಯಾಲೆಟ್ಟಿಗೆ 560.

ಫೋನ್ ಮಾಡಿದರೆ ಮೊದಲ ಉತ್ತರ: "ಸಾರ್, ಬಂದ ಅಳತೆಯನ್ನೇ ಹಾಕಿದ್ದೇವೆ." ಒಳಗಿನದೋ ಹೊರಗಿನದೋ ಎಂದು ಕೇಳಿದಿರಾ ಎಂದೆ. "ಅದು ಅಂದಾಜು ಮಾತ್ರ." ಮೂರನೆಯದು ಇನ್ನೂ ಸೊಗಸು: "ಸ್ವಲ್ಪ ಹೊರಚಾಚಲಿ ಬಿಡಿ, ಸುತ್ತಿಬಿಟ್ಟರೆ ಆಯಿತು." ಕಾರ್ಟನ್ ಭಾರ ಹೊರುವುದೇ ಮೂಲೆಗಳ ಮೇಲೆ, ಆ ಮೂಲೆ ಗಾಳಿಯಲ್ಲಿ ನಿಂತರೆ ಕೆಳಗಿನ ಪದರ ಕುಸಿಯುತ್ತದೆಂದು ಗೋದಾಮಿನ ಹಮಾಲರಿಗೆ ಗೊತ್ತು, ಇವರಿಗೆ ಗೊತ್ತಿಲ್ಲವಂತೆ. ಪ್ಯಾಲೆಟ್ ಇಲ್ಲದೆ ನೆಲದ ಮೇಲೇ ಜೋಡಿಸಿ ಎಂದೂ ಹೇಳಿದರು. ಖರೀದಿದಾರರು ಪ್ಯಾಲೆಟ್ ಬೇಕೆಂದು ಆರ್ಡರಿನಲ್ಲೇ ಬರೆದಿದ್ದರು.

ಘನಮೀಟರಿನ ಭಾಗಾಕಾರ ತೋರಿಸಿ ಜಾಗವಿದೆ ಎನ್ನುವವರನ್ನು ನಂಬಬೇಡಿ. ಸರಕು ತುಂಬಿ ಟೇಪು ಹಚ್ಚಿದ ಕಾರ್ಟನ್ನನ್ನು ನೀವೇ ಹೊರಗಿನಿಂದ ಅಳೆಯಿರಿ, ತುಂಬಿದ ಮೇಲೆ ಪಕ್ಕಗಳು ಉಬ್ಬುತ್ತವೆ. ಒಂದು ಪದರವನ್ನು ನಿಜವಾದ ಪ್ಯಾಲೆಟ್ಟಿನ ಮೇಲೆ ಜೋಡಿಸಿ ನೋಡಿ, ಆಮೇಲೆ ಕಂಟೇನರ್ ಬುಕ್ ಮಾಡಿ. ನನ್ನ 240 ಕಾರ್ಟನ್ ಇನ್ನೂ ಗೋದಾಮಿನಲ್ಲಿವೆ. ಏಜೆಂಟರು ಈಗ ಫೋನ್ ಎತ್ತುವುದಿಲ್ಲ.