ಮೂರು ವರ್ಷ ಬಳಸಿದ ಝೂಮ್ ಕ್ಯಾಮೆರಾ: ಹಕ್ಕಿಯ ಕೊಕ್ಕು, ಕಾಲು ಓದುವಷ್ಟು ಕಾಣುತ್ತದಾ?

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಕನ್ನಡ ಶಾಲೆಯಲ್ಲಿ ಮಾಷ್ಟ್ರು. ಮೂರು ವರ್ಷದ ಹಿಂದೆ 60 ಪಟ್ಟು ಝೂಮ್ ಇರುವ, ಲೆನ್ಸ್ ಕಳಚಲಾಗದ ಒಂದು ಕ್ಯಾಮೆರಾ ಕೊಂಡೆ. 16 ಮೆಗಾಪಿಕ್ಸೆಲ್, ಒಳಗೆ ಸಣ್ಣ ಸೆನ್ಸರ್. ಈ ಬಗೆಯ ಕ್ಯಾಮೆರಾಗಳೆಲ್ಲ ಹೆಚ್ಚು ಕಡಿಮೆ ಒಂದೇ ಥರ, ಹಾಗಾಗಿ ಕಂಪೆನಿಯ ಹೆಸರು ಹೇಳುತ್ತಿಲ್ಲ. ಹಕ್ಕಿಯ ಫೋಟೊ ಚಂದ ಬರುತ್ತದಾ ಅನ್ನುವುದು ನನ್ನ ಪ್ರಶ್ನೆಯಲ್ಲ. ಫೋಟೊ ನೋಡಿ ಅದು ಯಾವ ಹಕ್ಕಿ, ಏನು ತಿನ್ನುತ್ತದೆ ಎಂದು ಹೇಳಲು ಆಗಬೇಕು. ಆ ಕೆಲಸಕ್ಕೆ ಇದು ಎಷ್ಟು ಸಾಕು ಎಂದು ಹೇಳುತ್ತೇನೆ.

ಕಳೆದ ಜೂನ್ ಮೊದಲ ವಾರದ ಮಾತು. ಮಳೆ ಹಿಡಿದಿತ್ತು. ನೆರೆಮನೆಯ ಅಕ್ಕ ಬೇಲಿಯ ಹತ್ತಿರ ನಿಂತು ಕರೆದರು. "ಮಾಷ್ಟ್ರೇ, ನುಗ್ಗೆ ಮರದಲ್ಲಿ ಗಿಡುಗ ಕೂತಿದೆ. ಮೂರು ದಿನದಿಂದ ಬರ್ತಾ ಇದೆ. ನನ್ನ ಕೋಳಿಮರಿಗಳ ಮೇಲೆಯೇ ಕಣ್ಣು." ಅವರ ಮಗ ಕಲ್ಲು ಹಿಡಿದು ನಿಂತಿದ್ದ. ನಾನು ಒಳಗೆ ಓಡಿ ಕ್ಯಾಮೆರಾ ತಂದೆ.

ಮೇಲೆ ಬೂದು ಬಣ್ಣ, ಎದೆಯಲ್ಲಿ ಕಂದು ಪಟ್ಟೆ, ಬಾಲದಲ್ಲಿ ಅಡ್ಡಗೆರೆ, ಕಣ್ಣು ಹಳದಿ. ಬಣ್ಣ ಮಾತ್ರ ನೋಡಿದರೆ ಶಿಕ್ರ ಎನ್ನಬೇಕು. ನಮ್ಮ ತೋಟಗಳಲ್ಲಿ ಕಾಣುವ ಸಣ್ಣ ಗಿಡುಗ ಅದು. ಆದರೆ ಅದೇ ಬಣ್ಣ, ಹೆಚ್ಚು ಕಡಿಮೆ ಅದೇ ಗಾತ್ರ, ಅದೇ ಥರದ ಹಾರಾಟ ಇರುವ ಇನ್ನೊಂದು ಹಕ್ಕಿ ಇದೆ: ಹಾಕ್ ಕುಕ್ಕೂ, ಕೋಗಿಲೆಯ ಬಳಗದ್ದು. ಬೇಸಿಗೆಯಲ್ಲಿ 'ಬ್ರೈನ್ ಫೀವರ್' ಎಂದು ಸ್ವರ ಏರಿಸುತ್ತಾ ಕೂಗುವುದು ಅದೇ. ಕೂಗಿದ್ದರೆ ಅಲ್ಲೇ ತೀರ್ಮಾನ ಆಗುತ್ತಿತ್ತು. ಅದು ಸುಮ್ನೆ ಕೂತಿತ್ತು.

ದೂರ ಸುಮಾರು 20 ಮೀಟರ್. ಆ ದೂರದಲ್ಲಿ ಪೂರ್ತಿ ಝೂಮ್ ಮಾಡಿದರೆ ನನ್ನ ಕ್ಯಾಮೆರಾದ ಚೌಕಟ್ಟಿನಲ್ಲಿ ಅರ್ಧ ಮೀಟರ್ ಅಗಲದ ಜಾಗ ಬರುತ್ತದೆ. 33 ಸೆಂಟಿಮೀಟರ್ ಉದ್ದದ ಹಕ್ಕಿ ಚೌಕಟ್ಟಿನ ಅಗಲದ ಮೂರನೇ ಎರಡು ಭಾಗದಷ್ಟು ತುಂಬುತ್ತದೆ. ಕೊಕ್ಕಿನ ತುದಿಯ ಆಕಾರ ನೋಡುವಷ್ಟು ಸ್ಪಷ್ಟ. ಅದೇ ಹಕ್ಕಿ 60 ಮೀಟರ್ ದೂರದಲ್ಲಿದ್ದರೆ ಕೂತ ಭಂಗಿ ಮಾತ್ರ ಸಿಗುತ್ತದೆ. ಕೊಕ್ಕಿನ ಬಗ್ಗೆ ಏನು ಹೇಳಿದರೂ ಅದು ಊಹೆ.

ಮೊದಲ ಫೋಟೊ ಮುಂದಿನಿಂದ ಬಂತು. ಅದು ಉಪಯೋಗಕ್ಕೆ ಬರಲಿಲ್ಲ. ಮುಂದಿನಿಂದ ನೋಡಿದರೆ ಯಾವ ಕೊಕ್ಕಾದರೂ ಗಿಡ್ಡವಾಗಿ, ಬಾಗಿದ ಹಾಗೆ ಕಾಣುತ್ತದೆ. ಅದನ್ನು ನೋಡಿ ನಾನೂ ಒಂದು ಕ್ಷಣ ಗಿಡುಗವೇ ಎಂದುಕೊಂಡೆ. ಹಕ್ಕಿ ತಲೆ ತಿರುಗಿಸುವವರೆಗೆ ಕಾದು, ಒಂದೇ ಸಲಕ್ಕೆ ಹತ್ತು ಫೋಟೊ ಬರುವ ಹಾಗೆ ಗುಂಡಿ ಒತ್ತಿದೆ. ಅದರಲ್ಲಿ ಎರಡು ಸರಿಯಾಗಿ ಪಕ್ಕದಿಂದ ಬಂದವು.

ಶಿಕ್ರದ ಕೊಕ್ಕು ಬುಡದಿಂದಲೇ ಬಾಗುತ್ತದೆ. ಮೇಲಿನ ಕೊಕ್ಕಿನ ತುದಿ ಕೊಕ್ಕೆಯ ಹಾಗೆ ಕೆಳಗಿನದನ್ನು ದಾಟಿ ಇಳಿಯುತ್ತದೆ. ಮಾಂಸ ಹರಿಯುವ ಕೊಕ್ಕು ಅದು. ನನ್ನ ಫೋಟೊದಲ್ಲಿದ್ದ ಕೊಕ್ಕು ನೇರವಾಗಿ ಮುಂದೆ ಹೋಗಿ, ತುದಿಯಲ್ಲಿ ಸ್ವಲ್ಪ ಮಾತ್ರ ಇಳಿದಿತ್ತು. ಕೊಕ್ಕೆ ಇರಲಿಲ್ಲ. ಇಲ್ಲೊಂದು ಎಚ್ಚರ ಬೇಕು. ಶಿಕ್ರದ ಕೊಕ್ಕಿನ ಬುಡದಲ್ಲಿ ಹಳದಿ ಮೇಣದಂಥ ಚರ್ಮ ಇರುತ್ತದೆ. ಹಾಕ್ ಕುಕ್ಕೂವಿನ ಕೊಕ್ಕಿನ ಬುಡವೂ ಹಳದಿ ಹಸಿರು. ಮಸುಕು ಫೋಟೊದಲ್ಲಿ ಎರಡೂ ಒಂದೇ. ಕಾಲೂ ಎರಡಕ್ಕೂ ಹಳದಿ. ಅದಕ್ಕೇ ಬಣ್ಣ ಬಿಟ್ಟು ಆಕಾರ ನೋಡಬೇಕು.

ಆಮೇಲೆ ಕಾಲು. ಶಿಕ್ರಕ್ಕೆ ಬೇಟೆಯನ್ನು ಹಿಡಿಯುವುದು, ಹಿಸುಕಿ ಕೊಲ್ಲುವುದು ಎರಡೂ ಕಾಲಿನ ಕೆಲಸ. ಕೊಕ್ಕು ಮುಖ್ಯವಾಗಿ ಹರಿಯಲಿಕ್ಕೆ. ಹಾಗಾಗಿ ಅದಕ್ಕೆ ಗರಿ ಇಲ್ಲದ ಉದ್ದ ಕಾಲು, ಮುಂದೆ ಮೂರು ಬೆರಳು, ಹಿಂದೆ ಒಂದು, ಎಲ್ಲದಕ್ಕೂ ಬಾಗಿದ ಉಗುರು. ನಮ್ಮ ಹಕ್ಕಿಯ ಕಾಲು ಗಿಡ್ಡ. ಎರಡನೇ ಫೋಟೊದಲ್ಲಿ ಕೊಂಬೆಯ ಮುಂದೆ ಎರಡೇ ಬೆರಳು ಕಂಡವು. ಹಿಂದಿನ ಎರಡು ಕೊಂಬೆಯ ಮರೆಯಲ್ಲಿದ್ದವು. ಕೋಗಿಲೆ ಬಳಗದ ಕಾಲು ಹೀಗೆ ಎರಡು ಮುಂದೆ, ಎರಡು ಹಿಂದೆ. ಇದೊಂದರಿಂದಲೇ ಆಹಾರ ಹೇಳಲು ಆಗುವುದಿಲ್ಲ. ಗಿಳಿ, ಮರಕುಟಿಗ, ಕುಟ್ರು ಹಕ್ಕಿಗಳಿಗೂ ಬೆರಳು ಹೀಗೆಯೇ, ಆದರೆ ತಿನ್ನುವುದು ಬೇರೆ ಬೇರೆ. ನನಗೆ ಆ ಕಾಲು ಹೇಳಿದ್ದು ಒಂದೇ ಮಾತು: ಇದು ಕೊಂಬೆ ಹಿಡಿಯುವ ಕಾಲು, ಕೋಳಿಮರಿ ಎತ್ತುವ ಕಾಲಲ್ಲ.

ಭಂಗಿಯೂ ಅದಕ್ಕೆ ಸೇರಿಬಂತು. ಶಿಕ್ರ ಸಾಮಾನ್ಯವಾಗಿ ನೆಟ್ಟಗೆ ಕೂತು ನೆಲ ನೋಡುತ್ತದೆ. ಇದು ಮೈಯನ್ನು ಅಡ್ಡಕ್ಕೆ ಚಾಚಿ, ರೆಕ್ಕೆಯ ತುದಿಗಳನ್ನು ಬಾಲದ ಬುಡಕ್ಕಿಂತ ಕೆಳಗೆ ಇಳಿಬಿಟ್ಟಿತ್ತು. ಮೂರರಲ್ಲಿ ನಾನು ಕಡಿಮೆ ನಂಬುವುದು ಭಂಗಿಯನ್ನೇ. ಮಳೆಯಲ್ಲಿ ನೆನೆದ ಹಕ್ಕಿ, ಹೆದರಿದ ಹಕ್ಕಿ ಹೇಗೂ ಕೂರಬಹುದು. ಕೊಕ್ಕು, ಕಾಲು ಎರಡೂ ಒಂದೇ ಕಡೆ ತೋರಿಸಿದ್ದರಿಂದ ಭಂಗಿಯ ಸಾಕ್ಷಿಯನ್ನೂ ಒಪ್ಪಿಕೊಂಡೆ.

ಹಾಗಾದರೆ ಅದು ನುಗ್ಗೆ ಮರಕ್ಕೇ ಯಾಕೆ ಬರುತ್ತಿತ್ತು? ಫೋಟೊವನ್ನು ದೊಡ್ಡದು ಮಾಡಿದಾಗ ಹಿಂದಿನ ಕಾಂಡದಲ್ಲಿ ಒಂದು ಕಪ್ಪು ಮಚ್ಚೆ ಕಂಡಿತು. ಹೋಗಿ ನೋಡಿದರೆ ಕಂಬಳಿಹುಳಗಳ ಗುಂಪು. ನುಗ್ಗೆಗೆ ಇವು ಬೀಳುವುದು ಎಲ್ಲರಿಗೂ ಗೊತ್ತಿರುವುದೇ, ಅಲ್ವಾ? ಬೇರೆ ಹಕ್ಕಿಗಳು ಹೆಚ್ಚಾಗಿ ಮುಟ್ಟದ ಈ ಹುಳಗಳನ್ನು ಕೋಗಿಲೆ ಬಳಗ ಇಷ್ಟಪಟ್ಟು ತಿನ್ನುತ್ತದೆ. ಹಾಕ್ ಕುಕ್ಕೂ ನುಂಗುವ ಮೊದಲು ಹುಳವನ್ನು ಒತ್ತಿ, ಹೊಟ್ಟೆಯೊಳಗಿನದನ್ನು ಹೊರಗೆ ತೆಗೆಯುತ್ತದೆ.

"ಅಕ್ಕ, ಇದು ನಿಮ್ಮ ಮರಿಗೆ ಬಂದದ್ದಲ್ಲ, ನಿಮ್ಮ ನುಗ್ಗೆಯ ಹುಳಕ್ಕೆ ಬಂದದ್ದು" ಎಂದು ಫೋಟೊ ತೋರಿಸಿದೆ. ಅವರು ಕಾಲಿನ ಫೋಟೊವನ್ನೇ ಎರಡು ಸಲ ನೋಡಿದರು. ಮಗ ಕಲ್ಲು ಕೆಳಗೆ ಹಾಕಿದ.

ಇನ್ನು ಕ್ಯಾಮೆರಾದ ದೋಷಗಳು. ಅಡಿಕೆ ತೋಟದೊಳಗೆ ಮಳೆಗಾಲದಲ್ಲಿ ಬೆಳಕು ಸಾಲದು. ಬೆಳಕು ಸಾಲದಾಗ ಏರಿಸುವ ಐಎಸ್ಒ 800 ದಾಟಿದರೆ ಫೋಟೊದಲ್ಲಿ ಕಾಳುಕಾಳಾಗಿ ಮಚ್ಚೆ ಬರುತ್ತದೆ, ಕ್ಯಾಮೆರಾ ಅದನ್ನು ಅಳಿಸಲು ಹೋಗಿ ಬೆರಳುಗಳ ನಡುವಿನ ಗೆರೆಗಳನ್ನೂ ಅಳಿಸುತ್ತದೆ. ಎರಡು ಬೆರಳು ಒಂದಾಗಿ ಕಾಣುತ್ತವೆ. ತಾನಾಗಿ ಚೂಪು ಮಾಡುವ ಸೆಟ್ಟಿಂಗ್ ಇನ್ನೂ ಅಪಾಯ. ಕೊಕ್ಕಿನ ತುದಿಗೆ ಕಪ್ಪು ಅಂಚು ಬಂದು, ಇಲ್ಲದ ಕೊಕ್ಕೆ ಮೂಡುತ್ತದೆ. ನಾನು ಅದನ್ನು ಪೂರ್ತಿ ಕಡಿಮೆ ಮಾಡಿಟ್ಟಿದ್ದೇನೆ. ಡಿಜಿಟಲ್ ಝೂಮ್ ಬಂದ್ ಮಾಡಿದ್ದೇನೆ. ಅದು ಇರುವ ಚಿತ್ರವನ್ನು ಹಿಗ್ಗಿಸುತ್ತದೆ ಅಷ್ಟೇ, ಹೊಸ ವಿವರ ಏನೂ ಕೊಡುವುದಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಗದ್ದೆಯ ಆಚೆಯ ಹಕ್ಕಿ ತೆಗೆದರೆ ಬಿಸಿಗಾಳಿಗೆ ಅಂಚುಗಳೆಲ್ಲ ನಡುಗುತ್ತವೆ. ಅದಕ್ಕೆ ಯಾವ ಲೆನ್ಸೂ ಪರಿಹಾರವಲ್ಲ, ಬೆಳಿಗ್ಗೆ ಹೋಗಬೇಕು.

ಎರಡನೇ ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಸಲು ಬಂತು. ಒಂದು ರಿಪೇರಿ ಅಂಗಡಿಯವರು ಲೆನ್ಸ್ ಕಳಚಲಾಗದ ಮಾದರಿ ಎಂದು ವಾಪಸ್ ಕೊಟ್ಟರು. ಬೂಸಲು ಇನ್ನೂ ಲೆನ್ಸಿನ ಒಂದು ಮೂಲೆಯಲ್ಲಿ ಹಾಗೇ ಇದೆ. ಈಗ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಕರಾವಳಿಯವರು ಇದನ್ನು ಕೊಂಡ ದಿನವೇ ಮಾಡಬೇಕು.

ಡಿಸೆಂಬರಿನಲ್ಲಿ ಅಕ್ಕ ಮತ್ತೆ ಕರೆದರು. ಈ ಸಲ ತೆಂಗಿನ ಗರಿಯ ಮೇಲೆ ಒಂದು ಹಕ್ಕಿ ನೆಟ್ಟಗೆ ಕೂತಿತ್ತು. ಪಕ್ಕದಿಂದ ತೆಗೆದ ಫೋಟೊದಲ್ಲಿ ಬುಡದಿಂದಲೇ ಬಾಗಿದ ಕೊಕ್ಕು, ಉದ್ದ ಕಾಲು, ಮುಂದೆ ಮೂರು ಬೆರಳು, ಮತ್ತು ಆ ಬೆರಳುಗಳಲ್ಲಿ ಒಂದು ಓತಿಕ್ಯಾತ. ಶಿಕ್ರ ಹೆಚ್ಚಾಗಿ ತಿನ್ನುವುದು ಓತಿಕ್ಯಾತ, ಇಲಿ, ಸಣ್ಣ ಹಕ್ಕಿ, ದೊಡ್ಡ ಹುಳಗಳನ್ನು. ಆದರೆ ಪುಟ್ಟ ಕೋಳಿಮರಿಯನ್ನು ಎತ್ತಿಕೊಂಡು ಹೋಗುವ ಶಕ್ತಿ ಆ ಕಾಲಿಗೆ ಇದೆ. "ಇದು ನಿಜವಾದ ಗಿಡುಗ ಅಕ್ಕ, ಮರಿಗಳ ಮೇಲೆ ಬುಟ್ಟಿ ಮುಚ್ಚಿ" ಎಂದೆ.