ತೊಡೆಮೂಳೆ ನೇಲಿಂಗ್‌ನ ಆಪರೇಷನ್ ನೋಟ್: ಟೆಂಪ್ಲೇಟಾ, ಸ್ವಂತ ಬರಹವಾ?

ಟೆಂಪ್ಲೇಟಲ್ಲಿ ಬಲವೋ ಎಡವೋ, ಅನಸ್ತೇಶಿಯಾ, ರಕ್ತನಷ್ಟ ಯಾವುದೂ ಬಿಟ್ಟುಹೋಗಲ್ಲ. ಆದರೆ ‘ರೀಮ್ ಮಾಡಿ ನೇಲ್ ಹಾಕಲಾಯಿತು’ ಅಂತ ಮೊದಲೇ ಅಚ್ಚಾಗಿರುತ್ತೆ, ಸುಮ್ನೆ ಸಹಿ ಬೀಳುತ್ತೆ.

ಮೆಣಸು ಕೊಯ್ಯುವಾಗ ಸಿಲ್ವರ್ ಓಕ್ ಮರದಿಂದ ಬಿದ್ದವರಿಗೆ ಮಡಿಕೇರಿಯಲ್ಲಿ ನೇಲ್ ಹಾಕಿದ್ದೀರಿ, ಮುಂದೆ ಮೈಸೂರಲ್ಲಿ ಯಾರೋ ಅದನ್ನ ತೆಗೀಬೇಕು ಅನ್ನಿ. ಅವರಿಗೆ ಬೇಕಿರೋದು ಸ್ವಂತ ಬರಹ: ‘ಪಿರಿಫಾರ್ಮಿಸ್ ಫೋಸಾದಿಂದ ಎಂಟ್ರಿ. 11.5 ಮಿ.ಮೀ.ವರೆಗೆ ರೀಮ್, 10 ಮಿ.ಮೀ. ದಪ್ಪ, 380 ಮಿ.ಮೀ. ಉದ್ದದ ನೇಲ್. ಮೇಲೆ ಒಂದು, ಕೆಳಗೆ ಎರಡು ಸ್ಕ್ರೂ. ಲಾಕ್ ಆದ ಮೇಲೆ ಸಿ-ಆರ್ಮಲ್ಲಿ ಫೀಮರ್ ಕುತ್ತಿಗೆ ನೋಡಿದೆ, ಬಿರುಕಿಲ್ಲ. ಕಾಲಿನ ಉದ್ದ, ತಿರುವು ಇನ್ನೊಂದು ಕಾಲಿಗೆ ಸಮ.’

ಕುತ್ತಿಗೆಯ ಸಣ್ಣ ಬಿರುಕು ಕಣ್ಣಿಗೆ ಬೀಳದೇ ಹೋಗೋದು ಹೊಸದಲ್ಲ, ಅಲ್ವಾ?

ನಾನಾದರೆ ಟೆಂಪ್ಲೇಟೇ ಇಟ್ಟುಕೊಂಡು, ನೇಲ್ ಹೇಗೆ ಹಾಕಿದೆ ಅನ್ನೋ ಭಾಗ ಮಾತ್ರ ಸ್ವಂತವಾಗಿ ಬರೆಯೋಕೆ ಖಾಲಿ ಬಿಡ್ತೇನೆ. ಇಂಪ್ಲಾಂಟ್ ಸ್ಟಿಕ್ಕರ್ ಪಕ್ಕದಲ್ಲೇ ಅಂಟಿಸಿ.